ಡಾಲಸ್‌ನಲ್ಲಿರುವ ಗಂಡನಿಗೆ ತಿಪಟೂರಿನ ಸಮನ್ಸ್

(ತಾಲ್ಲೂಕು ಮಟ್ಟದ ಮಹಿಳಾ ಕಾನೂನು ಅರಿವು ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಕುಟುಂಬ ಪ್ರಕರಣಗಳನ್ನು ನಡೆಸುವ ವಕೀಲೆ. ಇವತ್ತು ಒಂದೇ ಒಂದು ಪ್ರಕರಣ ಹೇಳುತ್ತೇನೆ. ಊರು, ಕೆಲಸ, ಮೊತ್ತ ಎಲ್ಲವನ್ನೂ ಸ್ವಲ್ಪ ಬದಲಿಸಿದ್ದೇನೆ, ಒಂದೆರಡು ಕಕ್ಷಿದಾರರ ಕತೆ ಸೇರಿಸಿದ್ದೇನೆ. ಯಾರು ಎಂದು ಹುಡುಕಲು ಹೋಗಬೇಡಿ. ಆಕೆಯನ್ನು ಸುಮಾ ಎಂದು ಕರೆಯೋಣ.

ತಿಪಟೂರಿನ ಕೊಬ್ಬರಿ ವ್ಯಾಪಾರಿಯ ಮಗಳು. 2021ರ ನವೆಂಬರ್‌ನಲ್ಲಿ ಮದುವೆ. ಹುಡುಗ ಅಮೆರಿಕದ ಡಾಲಸ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಎಚ್-1ಬಿ ಎಂಬ ಕೆಲಸದ ವೀಸಾ. ಇವಳು ಅವನ ಅವಲಂಬಿತಳಾಗಿ ಎಚ್-4 ವೀಸಾದಲ್ಲಿ ಹೋದಳು. ಒಂದು ವರ್ಷದ ಮೇಲೆ ಬಸುರಿಯಾದಾಗ "ಬಾಣಂತನ ಅಮ್ಮನ ಮನೇಲೇ ಆಗಲಿ" ಎಂದು ಗಂಡ ಟಿಕೆಟ್ ಮಾಡಿಸಿ ಕಳಿಸಿದ. ಟಿಕೆಟ್ ಒಂದು ಕಡೆಯದು. ಮಗು ಹುಟ್ಟಿದ ಮೇಲೆ ಒಂದೆರಡು ತಿಂಗಳು ವಿಡಿಯೊ ಕರೆ ಬಂತು, ಆಮೇಲೆ ವಾರಕ್ಕೊಂದು, ಆಮೇಲೆ ಇಲ್ಲ. ಇವಳ ವೀಸಾ ಮುಗಿಯುವುದನ್ನು ಕಾದು ಕೂತಿದ್ದ. ನನ್ನ ಕಚೇರಿಗೆ ಬಂದದ್ದು 2024ರ ಆಗಸ್ಟ್‌ನಲ್ಲಿ. ಕೈಯಲ್ಲಿ ಹನ್ನೊಂದು ತಿಂಗಳ ಮಗು, ಜೊತೆಗೆ ಅಪ್ಪ. ಅಪ್ಪ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದ್ದು, "ಮೇಡಂ, ಅವನ ಪಾಸ್‌ಪೋರ್ಟ್ ಕಿತ್ಕೊಳ್ಳೋಕೆ ಆಗುತ್ತಾ?"

ಬರುವವರೆಲ್ಲ ಮೊದಲು ಕೇಳುವುದು ಇದನ್ನೇ. ಆಗುತ್ತದೆ, ಆದರೆ ಅದು ಐದನೆಯ ಮೆಟ್ಟಿಲು. ಮೊದಲ ನಾಲ್ಕನ್ನು ಹತ್ತದೆ ಅಲ್ಲಿಗೆ ಕಾಲಿಟ್ಟರೆ ಪಾಸ್‌ಪೋರ್ಟ್ ಕಚೇರಿಯವರು ಅರ್ಜಿಯನ್ನು ಫೈಲಿಗೆ ಸೇರಿಸಿ ಸುಮ್ಮನಾಗುತ್ತಾರೆ. ಅವರ ತಪ್ಪೇನೂ ಇಲ್ಲ. ಹೆಂಡತಿಯನ್ನು ಬಿಟ್ಟುಹೋದ ಎಂಬುದು ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಕಾರಣವೇ ಅಲ್ಲ. ನ್ಯಾಯಾಲಯ ಕರೆದರೂ ಬಂದಿಲ್ಲ ಎಂಬುದು ಕಾರಣ. ಹಾಗಾಗಿ ನಾನು ಸುಮಾಳಿಗೆ ಹೇಳಿದೆ, "ಮೊದಲು ಅವನಿಗೆ ಸಮನ್ಸ್ ತಲುಪಿದೆ ಎಂದು ತೋರಿಸುವ ಒಂದು ಕಾಗದ ಸಂಪಾದಿಸೋಣ. ಮಿಕ್ಕದ್ದೆಲ್ಲ ಅದರ ಹಿಂದೆ ಬರುತ್ತದೆ."

ಆ ದಿನ ಮನೆಗೆ ಕಳಿಸುವಾಗ ಒಂದು ಕೆಲಸ ಕೊಟ್ಟೆ. ಎಚ್-4 ವೀಸಾಕ್ಕೆ ಅರ್ಜಿ ಹಾಕಿದಾಗ ಗಂಡ ಇಮೇಲ್‌ನಲ್ಲಿ ಕಳಿಸಿದ್ದ ಕಾಗದಗಳನ್ನು ಹುಡುಕು ಎಂದೆ. ಬಹಳ ಹೆಣ್ಣುಮಕ್ಕಳಿಗೆ ಇದು ಹೊಳೆಯುವುದಿಲ್ಲ. ಅವಲಂಬಿತ ವೀಸಾಕ್ಕೆ ಹೋಗುವಾಗ ಗಂಡನ ಐ-797 ಅನುಮೋದನೆ ಪತ್ರ, ಕೆಲಸದ ಪತ್ರ, ಸಂಬಳದ ಚೀಟಿ, ಪಾಸ್‌ಪೋರ್ಟ್ ಪ್ರತಿ ಒಯ್ಯುತ್ತಾರೆ. ಅವೆಲ್ಲ ಹಳೆಯ ಇಮೇಲ್‌ನಲ್ಲಿ ಹಾಗೇ ಕೂತಿರುತ್ತವೆ. ಸುಮಾಳ ಇಮೇಲ್‌ನಲ್ಲೂ ಇದ್ದವು. ಪಾಸ್‌ಪೋರ್ಟ್ ಸಂಖ್ಯೆ, ಅದು ಮುಗಿಯುವ ತಾರೀಖು, ಕಂಪನಿ ಹೆಸರು, ಹುದ್ದೆ, ವಿಳಾಸ, ಒಂದೇ ಸಂಜೆಯಲ್ಲಿ ಎಲ್ಲ ಸಿಕ್ಕಿತು. ಸಂಬಳದ ಚೀಟಿ ಮಾತ್ರ ಎರಡು ವರ್ಷ ಹಳೆಯದು. ಅದಕ್ಕೂ ದಾರಿ ಇದೆ. ಎಚ್-1ಬಿ ನೌಕರನಿಗೆ ಎಷ್ಟು ಸಂಬಳ ಕೊಡುತ್ತೇವೆ ಎಂದು ಕಂಪನಿ ಅಲ್ಲಿನ ಕಾರ್ಮಿಕ ಇಲಾಖೆಗೆ ಹೇಳಬೇಕು, ಆ ಮಾಹಿತಿಯನ್ನು ಇಲಾಖೆ ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ನೌಕರನ ಹೆಸರು ಅದರಲ್ಲಿ ಇರುವುದಿಲ್ಲ. ಆದರೆ ಕಂಪನಿ, ನಗರ, ಹುದ್ದೆ ಹೊಂದಿಸಿ ನೋಡಿದರೆ ಆ ಹುದ್ದೆಯ ಸಂಬಳ ಯಾವ ಮಟ್ಟದಲ್ಲಿದೆ ಎಂದು ನ್ಯಾಯಾಧೀಶರಿಗೆ ತೋರಿಸಬಹುದು.

ಇನ್ನೊಂದು ಕೆಲಸ ನಾನೇ ಮಾಡಿದೆ. ಗಂಡನ ಹೆಸರಿನಲ್ಲಿ ಬೆಂಗಳೂರಿನಲ್ಲಿ ಒಂದು ಫ್ಲ್ಯಾಟ್ ಇತ್ತು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಅದರ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿದೆ. ಮಾರಿರಲಿಲ್ಲ. ಬಾಡಿಗೆಗೆ ಕೊಟ್ಟಿದ್ದ. ಅಲ್ಲಿಗೆ ನನಗೆ ಅರ್ಧ ಸಮಾಧಾನವಾಯಿತು. ಯಾಕೆಂದರೆ ನಮ್ಮ ನ್ಯಾಯಾಲಯದ ಕೈ ಡಾಲಸ್‌ಗೆ ಸುಲಭವಾಗಿ ಚಾಚುವುದಿಲ್ಲ, ಬೆಂಗಳೂರಿನ ಫ್ಲ್ಯಾಟಿಗೆ ಚಾಚುತ್ತದೆ. ಅಮೆರಿಕ ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಂನಡಿ ಪರಸ್ಪರ ಡಿಕ್ರಿ ಜಾರಿ ಮಾಡುವ ದೇಶಗಳ ಪಟ್ಟಿಯಲ್ಲಿ ಇಲ್ಲ. ಇಲ್ಲಿನ ಜೀವನಾಂಶದ ಆದೇಶ ಹಿಡಿದು ಅಲ್ಲಿನ ಕಂಪನಿಗೆ "ಸಂಬಳದಲ್ಲಿ ಹಿಡಿದು ಕೊಡಿ" ಎಂದರೆ ಅವರು ಕೊಡುವುದಿಲ್ಲ. ಗಂಡನನ್ನು ಇಲ್ಲಿನ ಕಂಪನಿಯೇ ಅಲ್ಲಿಗೆ ಕಳಿಸಿದ್ದು, ಸಂಬಳ ಇಲ್ಲೇ ಜಮೆಯಾಗುತ್ತಿದ್ದರೆ ಮಾತು ಬೇರೆ. ಆಗ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 20(6) ಕಲಂನಡಿ ಮ್ಯಾಜಿಸ್ಟ್ರೇಟರು ನೇರವಾಗಿ ಕಂಪನಿಗೇ ಹೇಳಬಹುದು.

ಸರಿ, ಎಲ್ಲಿ ಹಾಕುವುದು, ಏನು ಹಾಕುವುದು? ಡಾಲಸ್‌ನಲ್ಲಿ ನಡೆದದ್ದಕ್ಕೆ ತಿಪಟೂರಿನಲ್ಲಿ ಕೇಸು ನಡೆಯುತ್ತದೆಯೇ ಎಂದು ಸುಮಾಳ ಅಪ್ಪನಿಗೆ ಅನುಮಾನ. ನಡೆಯುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 27ನೇ ಕಲಂ ಪ್ರಕಾರ ಹೆಣ್ಣುಮಗಳು ತಾತ್ಕಾಲಿಕವಾಗಿ ವಾಸವಾಗಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಖರ್ಚಿಗೆ ಕೊಡದೆ ಕೈಬಿಡುವುದು ಆ ಕಾಯ್ದೆಯಲ್ಲಿ ಆರ್ಥಿಕ ದೌರ್ಜನ್ಯ. ಹೊಡೆದಿರಬೇಕೆಂದಿಲ್ಲ. ಈ ಕಾಯ್ದೆಯನ್ನು ನಾನು ಮೊದಲು ಹಿಡಿಯುವುದಕ್ಕೆ ಮುಖ್ಯ ಕಾರಣ 23ನೇ ಕಲಂ. ಎದುರುದಾರ ಬರುವವರೆಗೆ ಕಾಯದೆ, ಅಫಿಡವಿಟ್ ಮೇಲೆಯೇ ಮಧ್ಯಂತರ ಆದೇಶ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ. ಆಸ್ತಿ ಪರಭಾರೆ ಮಾಡದಂತೆ ತಡೆಯುವುದಕ್ಕೂ ಇದರಲ್ಲೇ ಅವಕಾಶವಿದೆ.

ತಿಪಟೂರಿನಲ್ಲಿ ಆ ಅರ್ಜಿ ಹಾಕಿದೆವು. ಜೊತೆಗೆ ತುಮಕೂರಿನ ಕುಟುಂಬ ನ್ಯಾಯಾಲಯದಲ್ಲಿ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ಇನ್ನೊಂದು ದಾವೆ ಹಾಕಿ, ಜೀವನಾಂಶದ ಹೊರೆಯನ್ನು ಆ ಫ್ಲ್ಯಾಟಿನ ಮೇಲೆ ಕೂರಿಸಿ ಎಂದು ಕೇಳಿದೆವು. ಎರಡು ಕಡೆ ಹಾಕಿದರೆ ಎರಡು ಪಟ್ಟು ಸಿಗುತ್ತದೆ ಎಂದು ಯಾರೂ ತಿಳಿಯಬೇಡಿ. ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಹೇಳಬೇಕು, ಅಲ್ಲಿ ಅದು ಕಳೆಯುತ್ತದೆ. 2020ರಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಅಫಿಡವಿಟ್ ಹಾಕಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಎಂದೂ ಅದೇ ತೀರ್ಪು ಹೇಳಿತು. ಮೂರು ವರ್ಷ ಕಾದು ಬಂದವಳಿಗೆ ಆ ಮೂರು ವರ್ಷದ್ದು ಸಾಮಾನ್ಯವಾಗಿ ಕೈತಪ್ಪುತ್ತದೆ.

ಈಗ ಸಮನ್ಸ್ ವಿಷಯಕ್ಕೆ ಬರುತ್ತೇನೆ. ಇಂಥ ಪ್ರಕರಣಗಳು ಸಾಯುವುದು ಇಲ್ಲೇ.

ಸಾಮಾನ್ಯವಾಗಿ ಏನಾಗುತ್ತದೆ ಎಂದರೆ, ಅರ್ಜಿಯಲ್ಲಿ ಗಂಡನ ವಿಳಾಸ ಅಂತ ಅತ್ತೆ ಮಾವನ ಮನೆಯದನ್ನು ಬರೆದಿರುತ್ತಾರೆ. ಅಮೀನರು ಹೋಗುತ್ತಾರೆ. ಮಾವ ಬಾಗಿಲಲ್ಲಿ ನಿಂತು "ಅವನು ಇಲ್ಲಿಲ್ಲ, ಅಮೆರಿಕದಲ್ಲಿದ್ದಾನೆ, ನಮಗೂ ಅವನಿಗೂ ಸಂಬಂಧ ಇಲ್ಲ" ಎನ್ನುತ್ತಾರೆ. ಅಮೀನರು ಸಮನ್ಸ್ ಹಿಂದೆ "ವಿದೇಶದಲ್ಲಿದ್ದಾರೆಂದು ತಿಳಿದುಬಂದಿರುತ್ತದೆ" ಎಂದು ಷರಾ ಬರೆದು ವಾಪಸ್ ಕೊಡುತ್ತಾರೆ. ಮುಂದಿನ ದಿನಾಂಕ. ಮತ್ತೆ ಅದೇ ವಿಳಾಸ, ಅದೇ ಷರಾ. ಹೀಗೆ ಒಂದೂವರೆ ವರ್ಷ ಕಳೆದ ಕಡತಗಳನ್ನು ನೋಡಿದ್ದೇನೆ. ಕೊನೆಗೆ ಬೇಸತ್ತು ಪೇಪರಿನಲ್ಲಿ ಪ್ರಕಟಣೆ ಕೊಟ್ಟು ಏಕಪಕ್ಷೀಯ ಆದೇಶ ಪಡೆಯುತ್ತಾರೆ. ಡಾಲಸ್‌ನಲ್ಲಿರುವವನು ತುಮಕೂರಿನ ಪತ್ರಿಕೆ ಓದುತ್ತಾನೆ ಎಂದು ನಂಬಿ ಕೊಟ್ಟ ಆ ಆದೇಶವನ್ನು ಅವನು ಆಮೇಲೆ ಬಂದು "ನನಗೆ ಗೊತ್ತೇ ಇರಲಿಲ್ಲ" ಎಂದು ಸಲೀಸಾಗಿ ರದ್ದು ಮಾಡಿಸಿಕೊಳ್ಳುತ್ತಾನೆ.

ನಾವು ಅರ್ಜಿಯಲ್ಲಿ ಮೂರು ವಿಳಾಸ ಹಾಕಿದೆವು: ಡಾಲಸ್‌ನ ಮನೆ, ಕಂಪನಿ, ಬೆಂಗಳೂರಿನ ಅಪ್ಪನ ಮನೆ. ಜೊತೆಗೆ ಅವನು ಬಳಸುವ ಇಮೇಲ್ ಮತ್ತು ವಾಟ್ಸ್ಯಾಪ್ ಸಂಖ್ಯೆ. ಅವು ಅವನದೇ ಎಂದು ತೋರಿಸಲು ಹಳೆಯ ಸಂದೇಶಗಳ ಪ್ರತಿ ಕೊಟ್ಟೆವು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನಡಿ ಪ್ರಮಾಣಪತ್ರದೊಂದಿಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಎಲೆಕ್ಟ್ರಾನಿಕ್ ಸಮನ್ಸಿಗೆ ಸ್ಪಷ್ಟ ಅವಕಾಶವಿದೆ. ಸಿವಿಲ್ ಕಡೆಯಲ್ಲೂ ವಿದೇಶದಲ್ಲಿರುವ ಪ್ರತಿವಾದಿಗೆ ಅಂಚೆ, ಕೊರಿಯರ್, ಇಮೇಲ್ ಮೂಲಕ ಕಳಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 5, ನಿಯಮ 25 ಇದೆ. ಆದರೆ ನೀವೇ ಮನೆಯಿಂದ ವಾಟ್ಸ್ಯಾಪ್ ಕಳಿಸಿ "ತಲುಪಿದೆ" ಎಂದರೆ ಆಗುವುದಿಲ್ಲ. ನ್ಯಾಯಾಲಯದ ಅನುಮತಿ ಪಡೆದು, ಆದೇಶಿಸಿದ ರೀತಿಯಲ್ಲೇ ಕಳಿಸಬೇಕು.

ಅನುಮತಿ ಸಿಕ್ಕಿತು. ಸಮನ್ಸ್, ಅರ್ಜಿ, ಮುಂದಿನ ದಿನಾಂಕ ಸೇರಿಸಿ ಒಂದೇ ಪಿಡಿಎಫ್ ಮಾಡಿ ಕಳಿಸಿದ್ದು ರಾತ್ರಿ 9 ಗಂಟೆಗೆ. ಅಲ್ಲಿ ಬೆಳಗಿನ ಹೊತ್ತು. 9.40ಕ್ಕೆ ಎರಡು ನೀಲಿ ಗೆರೆ ಬಂತು. ಸುಮಾ ಫೋನ್ ಹಿಡಿದು ನೋಡುತ್ತಾ ಕೂತಿದ್ದಳಂತೆ. ಹತ್ತು ನಿಮಿಷದಲ್ಲಿ ಅವನ ಫೋಟೊ ಮಾಯವಾಯಿತು, ಅಂದರೆ ಬ್ಲಾಕ್ ಮಾಡಿದ. ಅಳುತ್ತಾ ನನಗೆ ಕರೆ ಮಾಡಿದಳು. ನಾನು "ಸ್ಕ್ರೀನ್‌ಶಾಟ್ ತೆಗೆದೆಯಾ?" ಎಂದೆ. ತೆಗೆದಿದ್ದಳು, ನೀಲಿ ಗೆರೆ ಇದ್ದಾಗ ಒಂದು, ಫೋಟೊ ಹೋದ ಮೇಲೆ ಒಂದು. ಆಮೇಲೆ ಇಮೇಲ್‌ಗೆ ಒಂದು ಸಾಲಿನ ಉತ್ತರವೂ ಬಂತು, ನನಗೆ ತೊಂದರೆ ಕೊಡಬೇಡ ಎಂದು. ಸಮನ್ಸ್ ತಲುಪಿದ್ದಕ್ಕೆ ಆ ಒಂದು ಸಾಲಿಗಿಂತ ಒಳ್ಳೆಯ ಪುರಾವೆ ಬೇಕೇ?

ಅಷ್ಟಕ್ಕೇ ನಿಲ್ಲಿಸಲಿಲ್ಲ. ಸಿವಿಲ್ ದಾವೆಯಲ್ಲಿ, ಬೇರೆ ದೇಶದಲ್ಲಿರುವವರಿಗೆ ಸಮನ್ಸ್ ತಲುಪಿಸುವ ಹೇಗ್ ಒಪ್ಪಂದದ ದಾರಿಯನ್ನೂ ಹಿಡಿದೆವು. 1965ರ ಈ ಒಪ್ಪಂದ ಭಾರತಕ್ಕೆ 2007ರ ಆಗಸ್ಟ್‌ನಿಂದ ಅನ್ವಯಿಸುತ್ತದೆ. ಅಮೆರಿಕವೂ ಅದರಲ್ಲಿದೆ. ನ್ಯಾಯಾಲಯ ನಿಗದಿತ ನಮೂನೆಯಲ್ಲಿ ಎರಡು ಪ್ರತಿ ಮಾಡಿ ಕಳಿಸಿದರೆ, ದೆಹಲಿಯ ಕಾನೂನು ಸಚಿವಾಲಯದ ಮೂಲಕ ಆ ದೇಶದ ಕೇಂದ್ರ ಪ್ರಾಧಿಕಾರಕ್ಕೆ ಹೋಗುತ್ತದೆ. ಅವರು ಆಳು ಕಳಿಸಿ ಕೈಗೆ ಕೊಟ್ಟು ಪ್ರಮಾಣಪತ್ರ ಕಳಿಸುತ್ತಾರೆ. ಇದರಲ್ಲಿ ಎಡವುವುದು ಎರಡು ಕಡೆ. ನಮ್ಮ ಅರ್ಜಿ ಕನ್ನಡದಲ್ಲಿರುತ್ತದೆ, ಇಂಗ್ಲಿಷ್ ಅನುವಾದ ಸೇರಿಸಲು ಮರೆಯುತ್ತಾರೆ, ಕಟ್ಟು ಹಾಗೇ ವಾಪಸ್ ಬರುತ್ತದೆ. ಇನ್ನೊಂದು, ಮುಂದಿನ ದಿನಾಂಕವನ್ನು ಒಂದೇ ತಿಂಗಳಿಗೆ ಕೊಡುತ್ತಾರೆ. ಕಾಗದ ಸಮುದ್ರ ದಾಟುವುದರೊಳಗೆ ದಿನಾಂಕವೇ ಮುಗಿದಿರುತ್ತದೆ. ಆರು ತಿಂಗಳಾದರೂ ದೂರದ ದಿನಾಂಕ ಕೊಡಿ ಎಂದು ವಕೀಲರು ಬಾಯಿಬಿಟ್ಟು ಕೇಳಬೇಕು. ಆ ಆರು ತಿಂಗಳಿಗೆ ಇನ್ನೊಂದು ಅರ್ಥವೂ ಇದೆ. ಸರಿಯಾದ ದಾರಿಯಲ್ಲಿ ಕಳಿಸಿ ಆರು ತಿಂಗಳಾದರೂ, ಬೆನ್ನು ಹತ್ತಿ ಕೇಳಿದರೂ ಯಾವ ಪ್ರಮಾಣಪತ್ರವೂ ಬರದಿದ್ದರೆ, ಒಪ್ಪಂದದ 15ನೇ ವಿಧಿಯಡಿ ನಮ್ಮ ನ್ಯಾಯಾಲಯ ಮುಂದುವರಿಯಬಹುದು.

ನಡುವೆ ಡಾಲಸ್‌ನಿಂದ ಒಂದು ಕೊರಿಯರ್ ಬಂತು. ಅವನು ಅಲ್ಲಿ ವಿಚ್ಛೇದನಕ್ಕೆ ಹಾಕಿದ್ದ. ಟೆಕ್ಸಸ್‌ನಲ್ಲಿ ಉತ್ತರ ಕೊಡಲು ಸಿಗುವ ಸಮಯ ಬಹಳ ಕಡಿಮೆ: ಕಾಗದ ತಲುಪಿ 20 ದಿನ ಕಳೆದ ನಂತರದ ಸೋಮವಾರ ಬೆಳಿಗ್ಗೆ 10 ಗಂಟೆ. ಸುಮಾಳ ಮಾವನ ಕಡೆಯವರು "ಸಹಿ ಮಾಡಿ ಕಳಿಸಿಬಿಡಮ್ಮ, ಬರೀ ಫಾರ್ಮಾಲಿಟಿ" ಎಂದರು. ಮಾಡಬೇಡ ಎಂದೆ. 1991ರಲ್ಲಿ ವೈ. ನರಸಿಂಹ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ಇಲ್ಲಿ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ, ಆ ಕಾಯ್ದೆಯಲ್ಲಿ ಇಲ್ಲದ ಕಾರಣಕ್ಕೆ ವಿದೇಶಿ ನ್ಯಾಯಾಲಯ ಕೊಟ್ಟ ವಿಚ್ಛೇದನ ಇಲ್ಲಿ ಒಪ್ಪಿತವಲ್ಲ. ಆದರೆ ಹೆಂಡತಿ ತಾನಾಗಿ ಒಪ್ಪಿಕೊಂಡರೆ ಮಾತು ಬದಲಾಗುತ್ತದೆ. ಹಾಗೆಂದು ಕೊರಿಯರನ್ನು ಅಟ್ಟಕ್ಕೆ ಎಸೆಯುವುದೂ ಜಾಣತನವಲ್ಲ. ಅಲ್ಲಿನ ವಕೀಲರೊಬ್ಬರ ಮೂಲಕ, ವಾದಕ್ಕೆ ಇಳಿಯದೆ, ಈ ನ್ಯಾಯಾಲಯದ ಅಧಿಕಾರವನ್ನು ಒಪ್ಪುವುದಿಲ್ಲ ಎಂಬ ಆಕ್ಷೇಪಣೆ ಮಾತ್ರ ಹಾಕಿಸಿದೆವು. ಇಲ್ಲಿನ ಅರ್ಜಿ ಮೊದಲು ದಾಖಲಾದದ್ದು ಎಂಬುದನ್ನೂ ಅದರಲ್ಲಿ ತೋರಿಸಿದೆವು. ಅಲ್ಲಿ ವಿಚ್ಛೇದನ ಆಗಿಯೇ ಹೋದರೂ ಇಲ್ಲಿ ಜೀವನಾಂಶದ ಹಕ್ಕು ತಾನಾಗಿ ಅಳಿಯುವುದಿಲ್ಲ.

ತಿಪಟೂರಿನ ನ್ಯಾಯಾಲಯ ತಿಂಗಳಿಗೆ ಸುಮಾಳಿಗೆ 35,000, ಮಗುವಿಗೆ 15,000 ರೂಪಾಯಿ ಮಧ್ಯಂತರ ಆದೇಶ ಕೊಟ್ಟಿತು. ಸುಮಾಳ ಅಪ್ಪನಿಗೆ ನಿರಾಸೆ. ಡಾಲರನ್ನು ರೂಪಾಯಿಗೆ ಗುಣಿಸಿ ಅವರು ದೊಡ್ಡ ಲೆಕ್ಕ ಹಾಕಿಕೊಂಡಿದ್ದರು. ನ್ಯಾಯಾಲಯ ಹಾಗೆ ಗುಣಿಸುವುದಿಲ್ಲ. ಅವನ ಅಲ್ಲಿನ ತೆರಿಗೆ, ಬಾಡಿಗೆ, ಖರ್ಚನ್ನೂ ನೋಡುತ್ತದೆ, ಇವಳ ಇಲ್ಲಿನ ಅಗತ್ಯ ಮತ್ತು ಇಬ್ಬರೂ ಬದುಕಿದ್ದ ರೀತಿಯನ್ನೂ ನೋಡುತ್ತದೆ.

ಅವನು ಒಂದು ಪೈಸೆ ಕಟ್ಟಲಿಲ್ಲ. ಬಾಕಿ ವಸೂಲಿ ಅರ್ಜಿ ಹಾಕಿದೆವು, ವಾರಂಟ್ ಹೊರಟಿತು. ಈಗ ಬಂತು ನೋಡಿ, ಐದನೆಯ ಮೆಟ್ಟಿಲು.

1967ರ ಪಾಸ್‌ಪೋರ್ಟ್ ಕಾಯ್ದೆಯ 10(3) ಕಲಂನಲ್ಲಿ ಪಾಸ್‌ಪೋರ್ಟ್ ಮುಟ್ಟುಗೋಲು ಹಾಕಲು ಕಾರಣಗಳ ಪಟ್ಟಿ ಇದೆ. ನಮಗೆ ಬೇಕಾದವು ಎರಡು. ‘ಇ’ ಉಪಕಲಂ, ಅಪರಾಧ ಪ್ರಕರಣ ಕ್ರಿಮಿನಲ್ ನ್ಯಾಯಾಲಯದಲ್ಲಿ ಬಾಕಿ ಇದ್ದರೆ. ‘ಎಚ್’ ಉಪಕಲಂ, ಯಾವುದೇ ಕಾನೂನಿನಡಿ ಹಾಜರಾಗಲು ಸಮನ್ಸ್ ಅಥವಾ ವಾರಂಟ್ ಹೊರಟಿದೆ ಎಂದು ಪಾಸ್‌ಪೋರ್ಟ್ ಅಧಿಕಾರಿಯ ಗಮನಕ್ಕೆ ತಂದರೆ. ಜೀವನಾಂಶ ಕೇಳುವುದು ಅಪರಾಧ ಪ್ರಕರಣವಲ್ಲ, ಆದ್ದರಿಂದ ‘ಇ’ ನಮಗೆ ಒದಗುವುದಿಲ್ಲ. ‘ಎಚ್’ ಒದಗುತ್ತದೆ. ಬರೆಯುವವರು ಇಲ್ಲೇ ತಪ್ಪುತ್ತಾರೆ. ನಾಲ್ಕು ಪುಟ ಗೋಳು ಬರೆದು ಉಪಕಲಂ ನಮೂದಿಸುವುದಿಲ್ಲ, ಜೊತೆಗೆ ನ್ಯಾಯಾಲಯದ ಕಾಗದವೂ ಇರುವುದಿಲ್ಲ.

ನಮ್ಮ ಅರ್ಜಿ ಒಂದೂವರೆ ಪುಟದ್ದು. ಪಾಸ್‌ಪೋರ್ಟ್ ಸಂಖ್ಯೆ, ಸಮನ್ಸ್ ತಲುಪಿದ ದಿನ, ಆದೇಶದ ದಿನ, ವಾರಂಟ್ ದಿನ, ಬಾಕಿ ಮೊತ್ತ, ಅಷ್ಟೆ. ಎಲ್ಲದರ ದೃಢೀಕೃತ ನಕಲು ಲಗತ್ತಿಸಿ, ಪಾಸ್‌ಪೋರ್ಟ್ ಕೊಟ್ಟಿದ್ದ ಬೆಂಗಳೂರಿನ ಪ್ರಾದೇಶಿಕ ಕಚೇರಿಗೆ ಕೊಟ್ಟು, ಒಂದು ಪ್ರತಿಯನ್ನು ಅವನ ಪ್ರದೇಶದ ಭಾರತೀಯ ದೂತಾವಾಸಕ್ಕೂ ಕಳಿಸಿದೆವು. ಕಚೇರಿಯವರು ಅವನಿಗೆ ಷೋಕಾಸ್ ನೋಟಿಸ್ ಕೊಡುತ್ತಾರೆ. ಅವನ ಉತ್ತರ ಕೇಳದೆ ಸಾಮಾನ್ಯವಾಗಿ ಮುಟ್ಟುಗೋಲು ಹಾಕುವುದಿಲ್ಲ. ಹಾಕಿದರೂ ಅವನು ಮೇಲ್ಮನವಿ ಹೋಗಬಹುದು. ಕಾಯ್ದೆಯ ಪದ ‘ಹಾಕಬಹುದು’, ‘ಹಾಕಲೇಬೇಕು’ ಅಲ್ಲ. ನೆನಪಿಡಿ, ಪಾಸ್‌ಪೋರ್ಟ್ ಮುಟ್ಟುಗೋಲು ಹಾಕುವ ಅಧಿಕಾರ ಪೊಲೀಸರಿಗಾಗಲಿ ಸಾಮಾನ್ಯ ಕ್ರಿಮಿನಲ್ ನ್ಯಾಯಾಲಯಕ್ಕಾಗಲಿ ಇಲ್ಲ, ಪಾಸ್‌ಪೋರ್ಟ್ ಅಧಿಕಾರಿಗೆ ಮಾತ್ರ ಎಂದು 2008ರಲ್ಲಿ ಸುರೇಶ್ ನಂದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವನು ಅಮೆರಿಕದ ಪೌರನೇ ಆಗಿಬಿಟ್ಟಿದ್ದರೆ ಈ ದಾರಿಯೇ ಇಲ್ಲ, ಅವನ ಬಳಿ ನಮ್ಮ ಪಾಸ್‌ಪೋರ್ಟೇ ಇರುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನೋಟಿಸ್ ಹೋಗಲಿ, ಪಾಸ್‌ಪೋರ್ಟ್ ನಿಜಕ್ಕೂ ಹೋಗುವುದು ಬೇಡ. ಎಚ್-1ಬಿ ವೀಸಾದ ಮುಂದುವರಿಕೆ, ಕೆಲಸ ಎಲ್ಲ ಊರ್ಜಿತ ಪಾಸ್‌ಪೋರ್ಟ್ ಮೇಲೆ ನಿಂತಿದೆ. ಅದು ಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ "ನನಗೆ ಆದಾಯವೇ ಇಲ್ಲ" ಎಂದು ಅಫಿಡವಿಟ್ ಬರುತ್ತದೆ. ಸಿಟ್ಟಿನಲ್ಲಿರುವ ತವರಿನವರಿಗೆ ಈ ಮಾತು ರುಚಿಸುವುದಿಲ್ಲ, ಗೊತ್ತು. ಕ್ರೌರ್ಯದ ದೂರಿಗೂ, ಅಂದರೆ ಹಿಂದಿನ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂಗೂ ಇದೇ ಮಾತು. ನಿಜವಾಗಿ ಹಿಂಸೆ ನಡೆದಿದ್ದರೆ ಖಂಡಿತ ಕೊಡಿ; ತವರಿನ ಠಾಣೆಯಲ್ಲೂ ಕೊಡಬಹುದು, ಪೊಲೀಸರ ಕೋರಿಕೆಯ ಮೇಲೆ ವಿಮಾನ ನಿಲ್ದಾಣಗಳಿಗೆ ಲುಕ್ ಔಟ್ ಸುತ್ತೋಲೆಯೂ ಹೋಗಬಹುದು. ಕೃತ್ಯ ಪೂರ್ತಿ ವಿದೇಶದಲ್ಲೇ ನಡೆದಿದ್ದರೆ ವಿಚಾರಣೆಗೆ ಕೇಂದ್ರ ಸರ್ಕಾರದ ಅನುಮತಿ ಬೇಕು ಎಂಬುದು ತಿಳಿದಿರಲಿ. ಬರೀ ಹಣ ವಸೂಲಿಗೆಂದು ಅದನ್ನು ಹೂಡಿದರೆ ಕೇಸು ನಿಲ್ಲುವುದಿಲ್ಲ.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಕೇಳಿದರು: "ನಾವು ಮುಸ್ಲಿಮರು ಮೇಡಂ. ನನ್ನ ತಂಗಿ ಗಂಡ ದುಬೈನಲ್ಲಿದ್ದಾರೆ. ನಮಗೂ ಇದೆಲ್ಲ ಬರುತ್ತಾ?"

ಬರುತ್ತದೆ ಅಕ್ಕ. ದೌರ್ಜನ್ಯ ಕಾಯ್ದೆ ಎಲ್ಲ ಧರ್ಮದವರಿಗೂ ಇದೆ. ಹಿಂದೂ ಕಾಯ್ದೆಯ ದಾವೆಯ ಬದಲು ನಿಮಗೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಜೀವನಾಂಶದ ಕಲಂ ಇದೆ, ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 144. ತಂಗಿ ಇರುವ ಊರಿನಲ್ಲೇ ಹಾಕಬಹುದು. ಅದರಲ್ಲಿ ಒಂದು ಗಡುವು ಇದೆ: ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕದಿದ್ದರೆ ಆ ಬಾಕಿಗೆ ವಾರಂಟ್ ಸಿಗುವುದಿಲ್ಲ. ಊರಿಗೆ ಬಂದಾಗ ಒಟ್ಟಿಗೆ ಕೇಳೋಣ ಎಂದು ಕೂರಬೇಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಹಾಕುತ್ತಾ ಹೋಗಿ. ಯುಎಇ ಜೊತೆ ಸಿವಿಲ್ ಸಮನ್ಸ್ ಜಾರಿಗೆ 1999ರ ಪ್ರತ್ಯೇಕ ಒಪ್ಪಂದವಿದೆ. ವಕೀಲರ ಶುಲ್ಕದ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯನ್ನು ಕೇಳಿ.

ಇನ್ನೊಬ್ಬ ತರುಣಿ ಕೇಳಿದ್ದು ಸುಮಾಳ ಗಂಡ ಕೊನೆಗೆ ಏನು ಮಾಡಿದ ಎಂದು.

ಪಾಸ್‌ಪೋರ್ಟ್ ಕಚೇರಿಯ ನೋಟಿಸ್ ಹೋದ ಮೂರನೆಯ ವಾರ ತುಮಕೂರಿನಲ್ಲಿ ಅವನ ಪರವಾಗಿ ವಕಾಲತ್ತು ಬಂತು. ಒಂದು ವರ್ಷ ಎಲ್ಲೂ ಸಿಗದಿದ್ದವನಿಗೆ ವಕೀಲರು ಸಿಕ್ಕಿದರು, ಬಾಕಿಯಲ್ಲಿ 2 ಲಕ್ಷವೂ ಜಮೆಯಾಯಿತು. ಅಷ್ಟು ತೋರಿಸಿ ಪಾಸ್‌ಪೋರ್ಟ್ ಉಳಿಸಿಕೊಂಡ. ಆಮೇಲೆ ಆಸ್ತಿ ಅಫಿಡವಿಟ್ ಹಾಕಿದ. ಅದರಲ್ಲಿ ಫ್ಲ್ಯಾಟಿನ ಬಾಡಿಗೆ ಆದಾಯದ ಅಂಕಣದಲ್ಲಿ ‘ಇಲ್ಲ’ ಎಂದು ಬರೆದಿದ್ದಾನೆ. ಅಲ್ಲಿರುವ ಬಾಡಿಗೆದಾರ ಪ್ರತಿ ತಿಂಗಳು 5ನೇ ತಾರೀಖು ಅವನ ಎನ್‌ಆರ್‌ಒ, ಅಂದರೆ ಅನಿವಾಸಿ ಭಾರತೀಯರ ಬ್ಯಾಂಕ್ ಖಾತೆಗೆ 32,000 ಕಟ್ಟುತ್ತಾನೆ. ಆ ಬಾಡಿಗೆದಾರನನ್ನು ಸಾಕ್ಷಿಯಾಗಿ ಕರೆಸಲು ಅರ್ಜಿ ಕೊಟ್ಟಿದ್ದೇವೆ, ಬಾಡಿಗೆ ಇನ್ನು ಮುಂದೆ ನೇರ ಸುಮಾಳ ಖಾತೆಗೆ ಬರಲಿ ಎಂದೂ ಕೇಳಿದ್ದೇವೆ. ಮುಂದಿನ ತಿಂಗಳು ವಿಚಾರಣೆ ಇದೆ.